ಹನ್ನೊಂದನೇ ದಾರ

ಮೊದ್ಲ ಹೇಳಿಬಿಡ್ತೇನಿ, ನನ್ನಂಥಾ ಚಾಷ್ಟಿ ಮನಷ್ಯಾ ರಾಣೇಬೆನ್ನೂರಾಗ ಹಿಂದ ಹುಟ್ಟಿರ್ಲಿಲ್ಲ, ಮುಂದ ಹುಟ್ಟೂದೂ ಇಲ್ಲ. ಬಸ್ ಸ್ಟ್ಯಾಂಡ್ ಕಡೆ ಒಬ್ಬ ಕ್ಷೌರದಾಂವ ಇದ್ದ. ಒಬ್ಬ ಗಿರಾಕಿಗೆ ಅರ್ಧ ಮೀಸಿ ತಗದಿದ್ದ, ಇನ್ನರ್ಧ ಉಳದಿತ್ತು. ಅಷ್ಟ್ರಾಗ ನಾ ಹೋಗಿ, "ಲಗೂ ಮನಿಗೆ ಹೋಗಪಾ, ನಿಮ್ಮ ಎಮ್ಮಿ ಜೋಡಿ ಕರಾ ಹಾಕೈತಿ" ಅಂದೆ. ಅಂವ ಕತ್ತಿ ಕೈಯಾಗ ಹಿಡಕೊಂಡ ಓಡಿದ. ಗಿರಾಕಿನ್ನ ನನ್ನ ಟಂಟಂ ರಿಕ್ಷಾದಾಗ ಕುಂದ್ರಿಸಿಕೊಂಡು, ಬ್ಯಾರೆ ಅಂಗಡಿಗೆ ಕರಕೊಂಡ ಹೋಗ್ತೇನಿ ಅಂತ ಹೇಳಿ, ಇಡೀ ಪ್ಯಾಟಿ ಮೂರ ಸುತ್ತ ಹೊಡಿಸಿದೆ. ಅರ್ಧ ಮೀಸಿ ನೋಡಾಕ ಮಂದಿ ಹೊರಗ ಬಂದ ನಿಂತಿದ್ರು. ಹಿಂತಾವು ನೂರ ಅದಾವು, ಹೇಳಕೋಂತ ಕುಂತ್ರ ಹೊತ್ತ ಮುಳಗತೈತಿ.

ಆದ್ರ ಇದ್ರದೊಂದು ನುಕ್ಸಾನ ಐತಿ. ಖರೇ ಮಾತ ಹೇಳಿದ್ರೂ ಯಾರೂ ನಂಬೂದಿಲ್ಲ. ಒಂದ್ಸಲ ಟಂಟಂ ಸೀಟಿನ ಬುಡಕ ಖರೇನ ಹಾವ ಹೊಕ್ಕಿತ್ತು. "ಇಳೀರೆವ್ವಾ, ಹಾವ ಐತಿ" ಅಂತ ನಾ ಒದರಿದ್ರ, ಹೆಣ್ಮಕ್ಕಳು ಎಲಿ ಅಡಿಕಿ ಹಾಕ್ಕೋಂತ, "ರಬ್ಬರ ಹಾವ ತಂದಾನ, ಕುಂದರ್ರಿ" ಅಂದ್ರು. ಹೆಡಿ ಎತ್ತಿದ ಮ್ಯಾಲ ಇಳದ್ರು. ಅವತ್ತ ನಕ್ಕೆ. ಎರಡ ಸಾವಿರದ ಐದೋ ಆರೋ ಇರಬೇಕು, ಅದ ನನ್ನ ಕುತಗಿಗೆ ಬಂತು. ಆ ಏಳ ತಿಂಗಳಿನ ಸುದ್ದಿ ಇದು.

ಆಗ ನನಗ ನಲವತ್ತೆಂಟು. ನನ್ನಾಕಿ ತೀರಿಕೊಂಡು ಒಂಬತ್ತ ವರ್ಷ ಆಗಿತ್ತು. ಬ್ಯಾಸಗ್ಯಾಗ ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ ಚೀಲ ಹೊಡೀತಿದ್ದೆ. ಮಳಿಗಾಲ ಮುಗಿಯೂ ಮುಂದ, ಹತ್ತಿ ಹೂ ಬಿಡೂ ಕಾಲಕ್ಕ, ದಿನಾ ರಾಣೇಬೆನ್ನೂರಿಂದ ಹನ್ನೆರಡ ಮಂದಿ ಹೆಣ್ಮಕ್ಕಳನ್ನ ಮೇಡ್ಲೇರಿ ಕಡೆ ಹೊಲಕ್ಕ ಬಿಟ್ಟು, ಸಂಜಿಕ ಕರಕೊಂಡ ಬರೂ ಕೆಲಸ. ಬೀಜದ ಹತ್ತಿ ಅದು. ಬೀಜದ ಕಂಪನಿಯವ್ರು ಎರಡ ಜಾತಿ ಕೊಡ್ತಾರ, ಒಂದು ಹೆಣ್ಣ ಗಿಡ, ಒಂದು ಗಂಡ ಗಿಡ. ಕೈಲೆ ಕೂಡಸಬೇಕು. ಕ್ರಾಸಿಂಗ್ ಅಂತಾರ.

ಈ ಸುದ್ದಿ ಯಾರದೋ, ಆಕಿ ಆ ಹೊಲದ ಮುಖ್ಯಸ್ಥಳು. ಮೇಡ್ಲೇರ್ಯಾಗ ಅತ್ತಿ ಕೂಡ ಇದ್ಲು. ಗಂಡ ತೀರಿಹೋಗಿ ಭಾಳ ದಿನ ಆಗಿತ್ತು. ಆರ ವರ್ಷ ಮಂದಿ ಸಾಲಿನ್ಯಾಗ ಬಗ್ಗಿ ಕೂಲಿ ಮಾಡಿ, ಆ ವರ್ಷ ಮೊದಲನೇ ಸಲ ಒಂದ ಎಕರೆ ಲಾವಣಿ, ಅಂದ್ರ ಗುತ್ತಿಗಿ, ಹಿಡದು ತನ್ನ ಹೆಸರಲೆ ಬೀಜದ ಪ್ಲಾಟ್ ತಗೊಂಡಿದ್ಲು. ಹೆಣ್ಮಗಳ ಹೆಸರಲೆ ಪ್ಲಾಟ್ ಕೊಡಾಕ ಕಂಪನಿಯವ್ರು ಹಿಂದ ಮುಂದ ನೋಡಿದ್ರಂತ. "ಒಂದ ವರ್ಷ ನೋಡೂನು. ಬೀಜ ಶುದ್ಧ ಬಂದ್ರ ಮುಂದ ಕೊಡ್ತೇವಿ, ಇಲ್ಲಂದ್ರ ಇಲ್ಲ" ಅಂದಿದ್ರು. ಪಾಸಾದ್ರ ತನ್ನ ಹೊಲ. ಫೇಲಾದ್ರ ಮತ್ತ ಮಂದಿ ಸಾಲು.

ಉಳದ ಹೆಣ್ಮಕ್ಕಳಿಗೆಲ್ಲಾ ನಾ ಅಕ್ಕ, ತಂಗಿ, ಆಯಿ ಅಂತಿದ್ದೆ. ಆಕೀಗೆ ಮಾತ್ರ ಏನೂ ಅಂತಿರ್ಲಿಲ್ಲ. "ಇಲ್ಲಿ ನೋಡ್ರಿ" ಅಂತಿದ್ದೆ. ಆಕಿನೂ ಅಷ್ಟ. ಊರ ಗಂಡಸ್ರಿಗೆಲ್ಲಾ ಅಣ್ಣಾ, ಕಾಕಾ ಅನ್ನಾಕಿ, ನನಗ "ಡ್ರೈವರ್ರ" ಅಂತಿದ್ಲು. ಅಣ್ಣಾ ಅನ್ನಲಿಲ್ಲಲ್ಲಾ ಅಂತ ನಾ ಒಳಗ ಖುಷಿ ಪಡ್ತಿದ್ದೆ. ಅಷ್ಟರ ಮ್ಯಾಲ ಒಂದ ವರ್ಷ ಜೀವಾ ಹಿಡದೇನಿ, ಸುಳ್ಳಲ್ಲ.

ಹೊಗಳೂದ್ರಾಗ ನಾ ಶಾಣ್ಯಾ ಅಂತ ತಿಳಕೊಂಡಿದ್ದೆ. ಮೊದಲನೇ ಸಲ, "ಇಲ್ಲಿ ನೋಡ್ರಿ, ನಿಮ್ಮದು ಬಂಗಾರದ ಕೈ" ಅಂದೆ.

"ನಿನ್ನೆ ಮಿರ್ಚಿ ಕರಿಯೂ ಮುದುಕಿಗೂ ಇದನ್ನ ಅಂದ್ರಂತಲ್ಲ?" ಅಂದ್ಲು. "ಆಕೀದು ಎಷ್ಟ ತೊಲಿ, ನಂದೆಷ್ಟ ತೊಲಿ?"

ಗಾಡ್ಯಾಗಿನ ಹನ್ನೆರಡೂ ಮಂದಿ ನಕ್ಕರು. ಎಂಟ ದಿನ ಬಿಟ್ಟು ಬ್ಯಾಡಗಿಯಿಂದ ಒಂದ ಪಾಕೀಟ ಮೆಣಸಿನಕಾಯಿ ತಂದು, "ತಗೋರಿ, ನಿಮ್ಮಂಗ ಕೆಂಪಗ ಅದಾವು" ಅಂದೆ. ಬ್ಯಾಡಗಿ ಮೆಣಸಿನಕಾಯಿ ಹೆಂಗಿರ್ತಾವು ನಿಮಗ ಗೊತ್ತೈತಿ. ಆಕಿ ಒಂದ ಕಾಯಿ ತಗದು, ಅದರ ಸುಕ್ಕ ನೋಡಿ, ನನ್ನ ಮುಖಾ ನೋಡಿ, "ಹೌದ್ರಿ, ನನ್ನ ಮುಖಾನೂ ಹಿಂಗ ಮುದುಡೇತಿ ಅಂದಂಗಾತು" ಅಂತ ವಾಪಸ್ ಕೊಟ್ಲು. ಇದೂ ಹನ್ನೆರಡ ಮಂದಿ ಮುಂದ. ಊರ ಮಂದಿಗೆ ಟೊಪ್ಪಿಗಿ ಹಾಕಿದಾಂವ ನಾ, ಆವತ್ತ ಹಾರ್ನ್ ಹೊಡಿಯೂದನ್ನೂ ಮರತೆ.

ಆಮ್ಯಾಲ ಬಾಯಿ ಮುಚಗೊಂಡು ನೋಡಾಕ ಹತ್ತಿದೆ. ಹೆಂಗೂ ಸಂಜೀತನಕ ಬೇವಿನ ಗಿಡದ ಬುಡಕ ಕುಂದರೂದ. ಮಧ್ಯಾಹ್ನ ಆದ ಮ್ಯಾಲ ಅವ್ರು ಮರುದಿನ ಅರಳೂ ಮೊಗ್ಗಿ ಹುಡಕ್ತಾರ. ಹೆಬ್ಬಟ್ಟಿನ ಉಗುರ ಮೊಗ್ಗಿ ಬುಡಕ್ಕ ಹಚ್ಚಿ ಒಂದ ಸುತ್ತ ತಿರುವಿದ್ರ, ಪಕಳಿ ಮತ್ತ ಗಂಡ ಕೇಸರ ಎರಡೂ ಕೂಡೇ ಬರ್ತಾವು. ನಡಬರಕ ಸಣ್ಣ ಕಾಯಿ, ಅದರ ಮ್ಯಾಲ ಹೆಣ್ಣ ಕಡ್ಡಿ ಅಷ್ಟ ಉಳೀತೈತಿ. ಉಗುರ ಎಳ್ಳಷ್ಟ ಆಳಕ್ಕ ಹೋದ್ರ ಕಾಯಿ ಗಾಯ ಆಗಿ ಉದರತೈತಿ. ಮ್ಯಾಲ ಉಳದ್ರ ಗಂಡ ಧೂಳ ಅಲ್ಲೇ ಉಳದು ತನ್ನಷ್ಟಕ್ಕ ತಾನ ಫಲ ಆಗತೈತಿ, ಬೀಜ ಕೆಡತೈತಿ. ಮರುದಿನ ಮುಂಜಾನಿ ಬಿಸಲ ಏರೂದ್ರಾಗ ಗಂಡ ಹೂ ತಂದು ಆ ಕಡ್ಡಿಗೆ ಸವರಿ, ತೊಟ್ಟಿಗೆ ಒಂದ ಕೆಂಪ ದಾರ ಕಟ್ತಾರ. ಕೈ ತಪ್ಪಿ ಉಳದು ತಾನ ಅರಳಿದ್ದ ಹೂ ಇದ್ರ ಹರದ ಒಗೀತಾರ. ಇದನ್ನೆಲ್ಲಾ ದೂರಿಂದ ನೋಡಿದ್ದೆ. ನೋಡಿದ್ದೆ ಅಷ್ಟ. ಆ ದಾರ ಯಾಕ ಕಟ್ತಾರ ಅಂತ ಒಂದಿನಾನೂ ಕೇಳಿರ್ಲಿಲ್ಲ. ಚಂದ ಕಾಣಲಿ ಅಂತ ಅಲ್ಲ ಅಂಬೂದಷ್ಟ ಗೊತ್ತಿತ್ತು.

ಒಂದಿನ ಸಂಜಿಕ ಎಲ್ಲಾರೂ ಬುತ್ತಿ ಗಂಟ ಕಟ್ಟಾಕ ಹತ್ತಿದ್ರು. ಆಕಿ ಒಬ್ಬಾಕೇ ನೀರಿನ ಕೊಡ ತೊಳಿಯಾಕತ್ತಿದ್ಲು. ಹತ್ರ ಹೋಗಿ ಸಣ್ಣಗ ಕೇಳಿದೆ, "ಎಡಗೈ ಕಲಿಯಾಕ ಎಷ್ಟ ದಿನ ಹಿಡೀತ್ರಿ?"

ಕೊಡ ಹಂಗ ಹಿಡಕೊಂಡ ನಿಂತ್ಲು. "ಯಾರ ಹೇಳಿದ್ರು?"

"ಯಾರ ಹೇಳ್ಬೇಕ್ರಿ. ಹೋದ ವಾರ ಬಲಗೈ ಉಗುರ ಮುರದೈತಿ. ಅವತ್ತಿಂದ ಗಿಡದ ಈ ಕಡೆ ಬಿಟ್ಟು ಆ ಕಡೆ ನಿಂತ ಮಾಡಾಕತ್ತೀರಿ. ಮೊದಲನೇ ದಿನ ನಿಮ್ಮ ಸಾಲಿನ ಬುಡಕ ಕೆಟ್ಟ ಮೊಗ್ಗಿ ಬಿದ್ದಿದ್ವು. ಇವತ್ತ ಹುಡುಕಿದ್ರೂ ಒಂದಿಲ್ಲ."

ಆಕಿ ಹೆಬ್ಬಟ್ಟ ಸೆರಗಿನ್ಯಾಗ ಮುಚ್ಚಿದ್ಲು. "ನಾಕ ದಿನ" ಅಂದ್ಲು. "ಮೊದಲನೇ ರಾತ್ರಿ ಅತ್ತೇನಿ. ಮಂದಿ ಮುಂದ ಹೇಳಬ್ಯಾಡ್ರಿ, ಉಗುರ ಮುರದಾಕಿ ಏನ ಮುಖ್ಯಸ್ಥಳ ಅಂತಾರ."

"ಹೇಳೂದಿಲ್ರಿ. ಆದ್ರ ನಿಮ್ಮ ಎಡಗೈ ಮ್ಯಾಲ ನನಗ ಹೊಟ್ಟಿಕಿಚ್ಚು. ನಾಕ ದಿನದಾಗ ನಿಮ್ಮ ಮಾತ ಕೇಳಾಕ ಹತ್ತೈತಿ. ನನಗಾದ್ರ ಎಂಟ ದಿನ ಬೇಕಾಗ್ತಿತ್ತು."

"ನಿಮಗ ಎಂಟ ವರ್ಷ ಬೇಕು. ಗಾಡಿ ತಗೀರಿ" ಅಂದ್ಲು. ಅಂದು, ಕೊಡದಾಗ ಉಳದ ನೀರ ನನ್ನ ಕಾಲ ಮ್ಯಾಲ ಚೆಲ್ಲಿದ್ಲು. ಬೇಕಂತ ಚೆಲ್ಲಿದ್ಲು, ನಾ ನೋಡೇನಿ.

ಅಲ್ಲಿಗೆ ಬಿಟ್ಟಿದ್ರ ನನ್ನಂಥಾ ಶಾಣ್ಯಾ ಇಲ್ಲ. ಆದ್ರ ಒಂದ ಮಾತ ನಾಟಿತು ಅಂದ ಕೂಡ್ಲೆ ಮನಷ್ಯಾಗ ಕೋಡ ಮೂಡ್ತಾವು. ಮೂರ ದಿನ ಆದ ಮ್ಯಾಲ ಮಧ್ಯಾಹ್ನನ ಮಾಡ ಕವಿದು ಬಂತು. ಎರಿ ಹೊಲ, ಮಳಿ ಹತ್ತಿದ್ರ ಟಂಟಂ ಅಲ್ಲೇ ಹುಗೀತೈತಿ. ಆಕಿ ಬದುವಿನ ಕಡೇ ಸಾಲ ಒಂದು ಬಿಟ್ಟು, "ನಡೀರಿ, ಅದರ ಹೂವು ನಾಳೆ ಮುಂಜಾನಿ ಹರದ ಒಗದ್ರಾತು" ಅಂತ ಎಲ್ಲಾರನ್ನೂ ಹೊಂಡಿಸಿದ್ಲು. ಅವ್ರು ಬುತ್ತಿ ಗಂಟ ಹುಡುಕೂದ್ರಾಗ ನಾ ಆ ಸಾಲಿಗೆ ಹೊಕ್ಕೆ. ಆಕಿ ಇಟ್ಟಿದ್ದ ದಾರದ ಗಂಟಿನ್ಯಾಗ ಎಣಿಸಿ ಹನ್ನೊಂದ ಎಳಿ ತಗೊಂಡು, ನಾಳೆ ಅರಳೂವಂಥಾ ಹನ್ನೊಂದ ಮೊಗ್ಗಿ ತೊಟ್ಟಿಗೆ ಕಟ್ಟಿದೆ. ಮುಂಜಾನಿ ಆಕಿ ಬರ್ತಾಳ, ಸಾಲತುಂಬ ಹಾಲ ಬಣ್ಣದ ಹೂ ಅರಳಿ, ಕೆಂಪ ದಾರ ಕಟ್ಟಕೊಂಡು ನಿಂತಿರ್ತಾವು. ಹಿಂತಾದು ಮಾಡಾಂವ ಒಬ್ಬಾಂವ ಇದ್ದಾನ ಅಂತ ನಗ್ತಾಳ. ಇದು ನನ್ನ ಲೆಕ್ಕ. ಹನ್ನೊಂದು ಯಾಕಂದ್ರ, ಆಕೀ ಪ್ಲಾಟಿನ ನಂಬರ್ ಹನ್ನೊಂದು. ನೋಡ್ರಿ, ಎಷ್ಟ ಬುದ್ಧಿ ಖರ್ಚ ಮಾಡಿದ್ದೆ.

ಅವತ್ತ ಸಂಜಿಗೆ ಹಿಡದ ಮಳಿ ಬಿಡಲೇ ಇಲ್ಲ. ಮರುದಿನ ಗಾಡಿ ಹೋಗಲಿಲ್ಲ. ನನ್ನ ಹೂವು ಯಾರೂ ನೋಡದನ ಅರಳಿದ್ವು.

ಅದರ ಮರುದಿನ ಚಾದ ಅಂಗಡ್ಯಾಗ ಬೀಜದ ಕಂಪನಿ ಸಾಹೇಬ ಕುಂತಿದ್ದ. ಪ್ಲಾಟ್ ನೋಡಾಕ ಅಡ್ಡಾಡೂ ಹುಡುಗ, ಎಲ್ಲಾರೂ ಸಾಹೇಬ ಅಂತಿದ್ವಿ. ಮುಖಾ ಸಣ್ಣದ ಮಾಡಿದ್ದ.

"ಯಾಕ್ರಿ ಸಾಹೇಬ್ರ, ಮಳಿಗೆ ಚಾ ಆರೀತೇನು?"

"ಒಂದ ಪ್ಲಾಟ್ ಕ್ಯಾನ್ಸಲ್ ಮಾಡಿ ಬಂದ್ವಿ ಕಾಕಾ. ಕ್ರಾಸಿಂಗ್ ಮಾಡದನ ದಾರ ಕಟ್ಯಾರ."

"ದಾರ ಕಟ್ಟಿದ್ರ ಏನಾಗತೈತ್ರೀ?"

ಅಂವ ನನ್ನ ಮುಖಾ ನೋಡಿದ, ಚಾಷ್ಟಿ ಮಾಡಾಕತ್ತಾನೇನು ಅಂತ. "ದಾರ ಅಂದ್ರ ಸಹಿ ಇದ್ದಂಗ ಕಾಕಾ. ಈ ಕಾಯಿ ಕೈಲೆ ಕೂಡಿಸೇತಿ, ಇದರ ಬೀಜ ತಗೋರಿ ಅಂತ. ಕಡೀಕ ದಾರ ಇದ್ದ ಕಾಯಿ ಅಷ್ಟ ಬಿಡಿಸ್ತಾರ, ಇಲ್ಲದ್ದನ್ನ ಒಗೀತಾರ. ತಾನ ಫಲ ಆಗಿದ್ದಕ್ಕ ದಾರ ಕಟ್ಟಿದ್ರ ಅದು ಕಳ್ಳ ಸಹಿ. ಕಾಯಿ ದೊಡ್ಡದಾದ ಮ್ಯಾಲ ಯಾವ್ದು ಯಾವ್ದು ತಿಳಿಯೂದಿಲ್ಲ. ಲೆಕ್ಕ ಹೆಚ್ಚ ತೋರಿಸಾಕ ಹಂಗ ಮಾಡ್ತಾರ."

"ಒಂದೆರಡ ಇದ್ರ?"

"ಒಂದೆರಡ್ರಿಂದ ಬೀಜ ಕೆಡೂದಿಲ್ಲ. ಆದ್ರ ಒಂದ ಸಿಕ್ರ, ಉಳದಾವ್ನ ಯಾರ ನಂಬ್ತಾರ? ನಾಡದ ಮೇಡ್ಲೇರಿ ಕಡೆ ಬರ್ತೇನಿ, ಹನ್ನೊಂದನೇ ನಂಬರ್ ನೋಡೂದೈತಿ."

ಚಾ ಅರ್ಧಕ್ಕ ಬಿಟ್ಟ ಎದ್ದೆ. ಆರ ವರ್ಷ ಬಗ್ಗಿ ದುಡದಾಕಿ ಹೊಲದಾಗ ನಾ ಹೋಗಿ ಹನ್ನೊಂದ ಕಳ್ಳ ಸಹಿ ಮಾಡಿ ಬಂದಿದ್ದೆ. ಅದೂ ಆಕೀನ್ನ ಹೊಗಳಾಕ.

ಅವತ್ತ ರಾತ್ರಿ ನಾ ಮಲಗಲಿಲ್ಲ ಅಂತ ಹೇಳಿದ್ರ ಸುಳ್ಳಾಗತೈತಿ, ಮಲಗಿದ್ದೆ. ಆದ್ರ ಕಣ್ಣ ಮುಚ್ಚಿದ್ರ ಕೆಂಪ ದಾರ. ಹೇಳದಿದ್ರ ಆಕಿ ಮುಳಗ್ತಾಳ. ಹೇಳಿದ್ರ ನಾ ಮುಳಗ್ತೇನಿ. ಹೇಳಿದ್ರೂ ನಂಬ್ತಾಳಂತ ಏನ ಖಾತ್ರಿ?

ಮರುದಿನ ಮಳಿ ಸಣ್ಣಾತು. ಗಾಡಿ ಅರ್ಧ ದಾರ್ಯಾಗ ಬಿಟ್ಟು, ಚಪ್ಪಲ ಕೈಯಾಗ ಹಿಡಕೊಂಡು, ಮೊಣಕಾಲಮಟ ರಾಡಿ ಮಾಡಿಕೊಂಡು ಆಕೀ ಮನಿ ಕಟ್ಟಿಗೆ ಹೋದೆ. ಆಕೀ ಅತ್ತಿ ಕಟ್ಟಿ ಮ್ಯಾಲ ಕುಂತು ಅವರಿಕಾಯಿ ಸುಲ್ಯಾಕತ್ತಿದ್ಲು.

"ಏನಪಾ, ಯಾರದ ಎಮ್ಮಿ ಈದೈತಿ?" ಅಂದ್ಲು ಮುದುಕಿ. ಮೀಸಿ ಸುದ್ದಿ ಮೇಡ್ಲೇರಿಮಟ ಬಂದಿತ್ತು.

ಆಕಿ ಬಾಗಲಕ್ಕ ಬಂದ್ಲು. ನಾ ಒಂದ ಉಸರಿಗೆ ಹೇಳಿದೆ. "ಇಲ್ಲಿ ನೋಡ್ರಿ, ಕಡೇ ಸಾಲಿನ್ಯಾಗ ನಾನ ದಾರ ಕಟ್ಟೇನಿ, ಮೊಗ್ಗಿಗೆ, ಹನ್ನೊಂದು, ನನಗ ಗೊತ್ತಿರ್ಲಿಲ್ಲ, ನಾಳೆ ಸಾಹೇಬ ಬರ್ತಾನ."

ಆಕಿ ನಕ್ಕಳು. "ಚಲೋ ಐತಿ. ಮಳ್ಯಾಗ ಹೊತ್ತ ಹೋಗೂದಿಲ್ಲಂತ ಬಂದೀರೇನು?"

"ಖರೇ ಹೇಳ್ತೇನ್ರಿ."

"ಹಾವಿನ ದಿನಾನೂ ಖರೇ ಅಂದಿದ್ರಿ."

"ಹಾವ ಖರೇನ ಇತ್ತಲ್ಲ!"

ಮುದುಕಿ ಅವರಿಕಾಯಿ ಬಿಟ್ಟು ನಗಾಕ ಹತ್ತಿದ್ಲು. ನನ್ನ ಕಣ್ಣಾಗ ನೀರ ಬಂದ್ವು. ಮಳಿ ನೀರ ಅಂತ ಹೇಳಿಕೊಂಡೆ. ಆಕಿ ನನ್ನ ಕಾಲ ನೋಡಿದ್ಲು, ರಾಡಿ ನೋಡಿದ್ಲು. ನಗು ನಿಂತಿತು. ಒಳಗ ಹೋಗಿ ತಲಿ ಮ್ಯಾಲ ಗೋಣಿಚೀಲದ ಗೊಂಚಿ ಹಾಕ್ಕೊಂಡ ಬಂದು, "ನಡೀರಿ" ಅಂದ್ಲು. ದಾರಿತುಂಬ ನನ್ನ ಮುಂದ ಮುಂದ ನಡದ್ಲು. ಒಂದ ಬೈಗಳಾನಾದ್ರೂ ಬೈದಿದ್ರ ಜೀವಕ್ಕ ಸಮಾಧಾನ ಆಗ್ತಿತ್ತು.

ಸಾಲಿಗೆ ಹೋಗಿ ನಿಂತ ಮ್ಯಾಲ ನನ್ನ ಎದಿ ಒಡೀತು. ಮಳಿಗೆ ಪಕಳಿ ಎಲ್ಲಾ ಉದರಿ ನೆಲಕ್ಕ ಅಂಟಿದ್ವು. ಆ ಸಾಲಿನ್ಯಾಗ ಅದಕ್ಕ ಮೊದ್ಲ ಕ್ರಾಸಿಂಗ್ ಮಾಡಿದ ಕಾಯಿನೂ ನೂರಾರು, ಎಲ್ಲಾದಕ್ಕೂ ಕೆಂಪ ದಾರ. ದೊಡ್ಡಾವು ಬಿಟ್ರೂ ಕಡಲಿಗಾತ್ರದ ಎಳಿಕಾಯಿನ ರಾಶಿ, ಎಲ್ಲಾ ಒಂದ ನಮೂನಿ. ಯಾವ್ದು ಆಕೀದು, ಯಾವ್ದು ನಂದು?

"ಈಗ ಏನ ಮಾಡ್ತೀರಿ?" ಅಂದ್ಲು. "ಇಡೀ ಸಾಲ ಹರದ ಒಗೀಲೇನು? ಹದಿನೈದ ದಿನದ ಕೆಲಸ."

ನಾ ಕುಕ್ಕರಗಾಲಲೆ ಕುಂತೆ. ಒಂದ ತೊಟ್ಟ ಹಿಡದ ನೋಡಿದೆ, ಇನ್ನೊಂದ ನೋಡಿದೆ. ಆವಾಗ ಉಸರ ಬಂತು.

"ಬ್ಯಾಡ್ರಿ. ಗಂಟ ಗುರ್ತ ಹಿಡೀತೇನಿ."

"ಗಂಟ?"

"ಇದು ನಿಮ್ಮ ಗಂಟ. ಎರಡ ಸುತ್ತ, ಸಡ್ಲ. ಬೆರಳ ತುದಿ ಹೋಗುವಷ್ಟ ಜಾಗಾ ಬಿಡ್ತೀರಿ, ನಾಳೆ ತೊಟ್ಟ ದಪ್ಪಾದ್ರ ದಾರ ಕಡೀಬಾರದಂತ. ಉಳದಾಕಿರು ಬಿಗಿ ಕಟ್ತಾರ. ಇದು ಗಾಡ್ಯಾಗ ಮುಂದ ಕುಂದರೂ ಆಯೀದು. ಕಣ್ಣ ಮಂಜ ಅದಾವು, ಬಿಚ್ಚೀತಂತ ಮೂರ ಗಂಟ ಹಾಕ್ತಾಳ. ಇದೂ ನಿಮ್ಮದ." ಇನ್ನೊಂದ ತೊಟ್ಟ ಹಿಡದೆ. "ಇದೂ ನಿಮ್ಮದ, ಆದ್ರ ಇದು ಉಗುರ ಮುರದ ಮ್ಯಾಲಿಂದು. ಮೊದ್ಲ ಬಲಕ್ಕ ತಿರುವಿ ಕಟ್ತಿದ್ರಿ, ಇದು ಎಡಕ್ಕ ತಿರುವೇತಿ."

ಆಕಿ ಬಗ್ಗಿ ನೋಡಿದ್ಲು. ಆ ಎರಡೂ ಕಾಯಿ ಜೋಡಿ ಹಿಡದ ನೋಡಿದ್ಲು. ಆಕೀಗೇನ ಅದು ಗೊತ್ತಿರ್ಲಿಲ್ಲ ಕಾಣಸತೈತಿ.

"ಮತ್ತ ನಿಮ್ಮದು?"

"ನಂದು ಮೆಣಸಿನಕಾಯಿ ಚೀಲದ ಬಾಯಿ ಕಟ್ಟೂ ಗಂಟ. ನನಗ ಅದೊಂದ ಬರೂದು. ಇಲ್ಲಿ ನೋಡ್ರಿ, ಹಂದಿ ಕುತಗಿಗೆ ಕಟ್ಟಿದಂಗ ಐತಿ."

ಆಕಿ ನಗಲಿಲ್ಲ. ಆರಿಸಿ ಆರಿಸಿ ಬೆರಳ ಹಚ್ಚಿ, "ಇದು? ಇದು?" ಅಂತ ಕೇಳಕೋಂತ ಹೋದ್ಲು. ಪರೀಕ್ಷಾ ಇದು ಅಂತ ನನಗ ಗೊತ್ತಾತು. ಒಂದ ತಪ್ಪಿದ್ರ ಎಲ್ಲಾ ಚಾಷ್ಟಿ ಆಗ್ತಿತ್ತು. ಹದಿನೇಳೋ ಹದಿನೆಂಟೋ ಕೇಳಿದ್ಲು, ಒಂದೂ ತಪ್ಪಲಿಲ್ಲ. ಜನ್ಮದಾಗ ಎಷ್ಟ ಹೆಣ್ಮಕ್ಕಳ್ನ ಹೊಗಳೇನಿ, ಲೆಕ್ಕ ಇಲ್ಲ. ಆದ್ರ ಆವತ್ತಿನಂಗ ಹೊಗಳಿಲ್ಲ, ಅದೂ ಅಂಜಕೋಂತ, ರಾಡ್ಯಾಗ ಕುಂತು, ಆಕೀ ಮುಖಾ ನೋಡದನ.

ಆಮ್ಯಾಲ ಸಾಲ ಹಿಡದ ಹೊಂಟ್ವಿ. ನನ್ನ ಗಂಟ ಸಿಕ್ಕಲ್ಲಿ ಕಾಯಿ ಹರದು ಆಕೀ ಉಡ್ಯಾಗ ಹಾಕಿದೆ. ಒಂದು, ಎರಡು, ಐದು, ಎಂಟು, ಹತ್ತು. ಸಾಲ ಮುಗೀತು. ಹತ್ತು. ಮತ್ತ ಆ ತುದಿಯಿಂದ ಈ ತುದಿಗೆ ಬಂದೆ. ಹತ್ತು. ನೆಲಾ ಕೆದರಿದೆ. ಹತ್ತ.

"ಆತಲ್ರಿ?" ಅಂದ್ಲು. "ಹತ್ತ ಇದ್ದಾವು. ಎಣಿಸೂದ್ರಾಗ ತಪ್ಪೀರಿ."

ಅವತ್ತ ಹೌದು ಅಂದಿದ್ರ ಮುಗೀತಿತ್ತು. ಆಕಿನೂ ನಿರಾಳ, ನಾನೂ ನಿರಾಳ. ಹೌದು ಅನ್ನಾಕ ಬಾಯಿ ತಗದಿದ್ದೆ. ಆಕಿ ನನ್ನನ್ನ ನೋಡಾಕತ್ತಿದ್ಲು, ಆದ್ರ ಹೆಂಗ ನೋಡಾಕತ್ತಾಳ ಅಂತ ತಿಳಿಯುವಷ್ಟ ಜೀವ ನನ್ನ ಕಡೆ ಇರ್ಲಿಲ್ಲ.

"ಇಲ್ರಿ. ಹನ್ನೊಂದು. ಎಣಿಸಿ ತಗೊಂಡೇನಿ, ನಿಮ್ಮ ಪ್ಲಾಟಿನ ನಂಬರಂತ. ಒಂದ ಉಳದೈತಿ."

"ಮಳಿಗೆ ಉದರಿರಬೇಕು."

"ಉದರಿದ್ರ ದಾರ ಆದ್ರೂ ಸಿಗಬೇಕಿತ್ತು."

"ಸಾಕ ನಡೀರಿ, ಹೊತ್ತ ಮುಳಗಾಕ ಬಂತು" ಅಂತ ತಿರಿಗಿದ್ಲು.

ಮರುದಿನ ಸಾಹೇಬ ಬಂದ. ನಾ ಬೇವಿನ ಗಿಡದ ಬುಡಕ ನಿಂತು ಬೆವರು ಒರಿಸ್ಕೋಂತಿದ್ದೆ. ಅಂವ ಕಡೇ ಸಾಲಿನ್ಯಾಗ ಬಗ್ಗಿದಾಗೊಮ್ಮೆ ನಾ ಗಿಡದ ಹಿಂದ ಸರೀತಿದ್ದೆ. ಏನೂ ಅನ್ನದ ಹೋದ. ಆದ್ರ ಅದು ಹೊಲದ ಪರೀಕ್ಷಾ. ಖರೇ ಪರೀಕ್ಷಾ ಆಮ್ಯಾಲ ಐತಿ. ಹತ್ತಿ ಬಿಡಿಸಿ, ಬೀಜ ತಗದು, ಕಂಪನಿಯವ್ರು ಅದ್ರಾಗ ಒಂದಿಷ್ಟ ಒಯ್ದು ತಮ್ಮ ಕಡೆ ಬಿತ್ತಿ, ಬೆಳದ ಗಿಡ ನೋಡಿ ಶುದ್ಧ ಎಷ್ಟ, ಬೆರಕಿ ಎಷ್ಟ ಅಂತ ಹೇಳ್ತಾರ. ಅದಕ್ಕ ಬ್ಯಾಸಗಿ ಬರಬೇಕು.

ಆ ಬ್ಯಾಸಗೀತನಕ ನಾ ಹೆಂಗ ಇದ್ನೆಂಬೂದು ನನಗ ಗೊತ್ತು. ಸಾಹೇಬ ಹೇಳಿದ್ದ, ಒಂದ ಕಾಯಿಂದ ಏನಾಗೂದಿಲ್ಲ ಅಂತ. ಬುದ್ಧಿಗೆ ತಿಳೀತಿತ್ತು, ಹೊಟ್ಟಿಗೆ ತಿಳೀತಿರ್ಲಿಲ್ಲ. ಕಂಪನಿಯವ್ರು ಒಯ್ಯೂ ಮುಟಗಿ ಬೀಜದಾಗ ನನ್ನ ಹನ್ನೊಂದನೇ ಕಾಯಿ ಬೀಜನ ಹೋಗಿದ್ರ? ಬ್ಯಾಡಗಿ ಮಾರ್ಕೆಟ್ಟಿನ್ಯಾಗ ಗುಡ್ಡದಂಗ ಕೆಂಪ ಮೆಣಸಿನಕಾಯಿ, ಚೀಲದ ಬಾಯಿ ಕಟ್ಟಾಕ ಹೋದ್ರ ಅದ ಗಂಟ. ಗಂಟ ಹಾಕಿದಾಗೊಮ್ಮೆ ಆ ಸಾಲ ನೆನಪಾಗ್ತಿತ್ತು. ಹಮಾಲರು, "ಕಾಕಾ, ಎರಡ ತಿಂಗಳಾತು, ಒಬ್ಬರಿಗೂ ಟೊಪ್ಪಿಗಿ ಹಾಕಿಲ್ಲ. ಜ್ವರ ಬಂದೈತೇನು?" ಅಂತಿದ್ರು. ವಾರಕ್ಕೊಮ್ಮೆ ಏನರ ನೆವ ಮಾಡಿ ಮೇಡ್ಲೇರಿಗೆ ಹೋಗಿ, "ಏನರ ಸುದ್ದಿ ಬಂತೇನ್ರಿ?" ಅಂತಿದ್ದೆ. ಆಕಿ, "ಇಲ್ರಿ, ಅದೊಂದ ಕಾಯಿ ಏನ ಮಾಡತೈತೋ ನೋಡಬೇಕು" ಅಂತ ಉಸರ ಬಿಡ್ತಿದ್ಲು. ಪ್ರತಿ ಸಲ ಅದ ಮಾತು, ಅದ ಉಸರು. ನನ್ನ ಜೀವ ಪ್ರತಿ ಸಲ ಹೋಗಿ ಬರ್ತಿತ್ತು.

ಬ್ಯಾಸಗ್ಯಾಗ ಕಂಪನಿಯವ್ರು ಬೀಜ ಬೆಳದವ್ರನ್ನೆಲ್ಲಾ ಹಾವೇರಿಗೆ ಒಂದ ಕಲ್ಯಾಣಮಂಟಪಕ್ಕ ಕರದ್ರು. ಆಕೀನ್ನ ಮೇಡ್ಲೇರಿಯಿಂದ ನಾನ ಕರಕೊಂಡ ಹೋದೆ. ಒಳಗ ಗಂಡಸ್ರ ನಡಬರಕ ಆಕಿ ಒಬ್ಬಾಕೆ ಹೆಣ್ಮಗಳು. ನಾ ಬಾಗಲದಾಗ ನಿಂತೆ. ಒಂದೊಂದ ನಂಬರ್ ಓದಾಕ ಹತ್ತಿದ್ರು. ಎಂಟು ಪಾಸ್. ಒಂಬತ್ತು ಫೇಲ್. ಹತ್ತು ಪಾಸ್. ನಾ ಬಾಗಲದ ಕಟ್ಟಿಗಿ ಹಿಡಕೊಂಡೆ.

"ಹನ್ನೊಂದು. ಪಾಸ್. ಈ ವರ್ಷ ಎಲ್ಲಾರಗಿಂತ ಶುದ್ಧ ಇದ."

ಮಂದಿ ಚಪ್ಪಾಳಿ ಹೊಡದ್ರು. ಊಟದ ಮುಂದ ಒಬ್ಬ ಹಿರ್ಯಾ, "ಹೆಣ್ಮಗಳಾಗಿ ಭಾರಿ ಮಾಡೀದಿ ಬಿಡವಾ" ಅಂದ. ಇನ್ನೊಬ್ಬ, "ಎಲ್ಲಾ ದೇವರ ದಯಾ" ಅಂದ. ಆಕಿ ಎಲ್ಲಾರಿಗೂ ಹೂಂ ಹೂಂ ಅಂದ್ಲು. ನಾ ತಲಿ ತಗ್ಗಿಸಿ ಉಂಡೆ. ಮಂದಿ ಮುಂದ ಹೊಗಳಿ ಎರಡ ಸಲ ಪಾಠ ಕಲತಿದ್ದೆ.

ವಾಪಸ್ ಬರೂ ಮುಂದ ಮೋಟೆಬೆನ್ನೂರ ಹತ್ರ ಚಾಕ್ಕ ನಿಲ್ಲಿಸಿದೆ. ಆಕಿ ಗಾಡ್ಯಾಗ ಕುಂತ ಸಂಚಿ ಬಿಚ್ಚಿದ್ಲು, ಎಲಿ ಅಡಿಕಿ ಹಾಕ್ಕೋತಾಳ ಅನಕೊಂಡೆ. ಸುಣ್ಣದ ಡಬ್ಬಿ ಬುಡಕಿಂದ ಒಂದ ಕೆಂಪ ದಾರ ತಗದು ನನ್ನ ಅಂಗೈ ಮ್ಯಾಲ ಇಟ್ಲು. ಬಣ್ಣ ಮಾಸಿತ್ತು. ಅದರ ಒಳಗ ಒಣಗಿದ ತೊಟ್ಟ.

"ಗಂಟ ಯಾರದು ಹೇಳ್ರಿ."

ನೋಡಿದೆ. ಹಂದಿ ಕುತಗಿ ಗಂಟು.

"ಮಳಿ ಹಿಡದ ಮರುದಿನಾನ ನಾ ನಡಕೊಂಡ ಹೊಲಕ್ಕ ಹೋಗಿದ್ದೆ" ಅಂದ್ಲು. "ಪ್ಲಾಟ್ ಹಿಡದಾಕಿ ಮಳ್ಯಾಗ ಮನ್ಯಾಗ ಕುಂದರತಾಳೇನು? ಇದೊಂದ ಹೂ ಕಣ್ಣಿಗೆ ಬಿತ್ತು. ಹಿಂಥಾ ಹೆಡ್ಡ ಗಂಟ ಯಾರದಂತ ಗೊತ್ತಾಗಾಕ ಭಾಳ ಹೊತ್ತ ಹಿಡೀಲಿಲ್ಲ. ಮಳಿ ಜೋರಾತು, ಉಳದಾವ್ನ ಹುಡುಕಲಿಲ್ಲ. ಮಳಿ ಸಣ್ಣಾದ ದಿನ ಹುಡುಕೂದ ಇತ್ತು. ನೀವಾಗೆ ಬಂದ ಹೇಳ್ತೀರೋ ಇಲ್ಲೋ ನೋಡೂನು ಅಂತ ಮಧ್ಯಾಹ್ನತನಕ ತಡದೆ."

"ಮತ್ತ... ಕಟ್ಟಿ ಮ್ಯಾಲ ನಕ್ಕಿದ್ದು?"

"ನಕ್ಕೆ."

"ಹತ್ತ ಇದ್ದಾವು, ಎಣಿಸೂದ್ರಾಗ ತಪ್ಪೀರಿ ಅಂದಿದ್ದು?"

"ಹತ್ತಂದ್ರ ಹೂಂ ಅಂತೀರೇನು ನೋಡಬೇಕಿತ್ತು. ಹೂಂ ಅಂದಿದ್ರ ಮರುದಿನದಿಂದ ಬ್ಯಾರೆ ಟಂಟಂ ಹೇಳ್ತಿದ್ದೆ."

"ಏಳ ತಿಂಗಳ್ರೀ!" ಅಂದೆ. ನನ್ನ ದನಿ ನನಗ ಗುರ್ತ ಹತ್ತಲಿಲ್ಲ. "ಏಳ ತಿಂಗಳ ನನ್ನ ಹೊಟ್ಟ್ಯಾಗ ಆ ಕಾಯಿ ಬೆಳದೈತಿ. ಅವತ್ತ ಹೇಳಬಾರದಿತ್ತೇನು?"

"ಅರ್ಧ ಮೀಸಿ ಇಟಗೊಂಡ ಪ್ಯಾಟಿ ಸುತ್ತಿದಾಂವ ನಮ್ಮ ತಮ್ಮ" ಅಂದ್ಲು.

ಚಾದಾಂವ ಬಂದು ಎರಡ ಕಪ್ ಇಟ್ಟ ಹೋದ. ನಾ ಒಂದೂ ಮುಟ್ಟಲಿಲ್ಲ. ಊರಿಗೆಲ್ಲಾ ಟೊಪ್ಪಿಗಿ ಹಾಕಿದಾಂವಗ ಇಷ್ಟ ಶುದ್ಧ ಟೊಪ್ಪಿಗಿ ಯಾರೂ ಹಾಕಿರ್ಲಿಲ್ಲ. ಸಿಟ್ಟ ಬರಬೇಕಿತ್ತು. ಬರಲಿಲ್ಲ. ಏಳ ತಿಂಗಳ ಸಂಚ್ಯಾಗ, ದಿನಾ ಕೈ ಹೋಗೂ ಜಾಗಾದಾಗ ನನ್ನ ಹೆಡ್ಡ ಗಂಟ ಇಟಗೊಂಡಾಳ, ಬಿಚ್ಚಿಲ್ಲ, ಒಗದಿಲ್ಲ. ಅದನ್ನ ನೋಡಕೋಂತ ಕುಂತೆ.

"ಇನ್ನ ಮ್ಯಾಲ ಹೊಗಳೂದಿದ್ರ ಬಾಯಿಲೆ ಹೊಗಳ್ರಿ" ಅಂದ್ಲು, ಚಾ ಬಸಿಗೆ ಹಾಕ್ಕೋಂತ. "ಗಿಡಕ್ಕ ಕೈ ಹಚ್ಚಬ್ಯಾಡ್ರಿ."

"ಬಾಯಿಲೆ ಹೊಗಳಿದ್ರ ನಂಬ್ತೀರೇನು?"

"ಗಂಟಿನ ಮಾತ ನಂಬಿದ್ನೆಲ್ಲ."

ಗಾಡಿ ಚಾಲೂ ಮಾಡಿದೆ. ಮೋಟೆಬೆನ್ನೂರಿಂದ ರಾಣೇಬೆನ್ನೂರಮಟ ಸಾವಕಾಶ ಹೊಡದೆ. ಆ ದಾರ್ಯಾಗ ಅಷ್ಟ ಸಾವಕಾಶ ಯಾವ ಟಂಟಂನೂ ಹೋಗಿಲ್ಲ, ಹಿಂದಿನ ಲಾರಿಯವ್ರೆಲ್ಲಾ ಬೈದ್ರು. ಆಕಿ ಮಾಡಿದ್ದನ್ನ ಒಂದೊಂದ ಹೇಳಕೋಂತ ಬಂದೆ. ಮೊದಲನೇ ವಾರ ಹೊಸ ಹೆಣ್ಮಕ್ಕಳ್ನ ಬೈಯದನ, ಅವ್ರು ಕೆಡಿಸಿದ ಮೊಗ್ಗಿ ಅವ್ರ ಅಂಗೈ ಮ್ಯಾಲ ಇಟ್ಟ ತೋರಿಸಿದ್ದು. ಮಂಜಗಣ್ಣಿನ ಆಯೀನ್ನ ಬಿಡಿಸದನ ಆಕೀಗೆ ಬೆಳಕ ಬೀಳೂ ಸಾಲ ಕೊಟ್ಟಿದ್ದು. ಮಾಡ ಕವಿದ ದಿನ ಒಂದ ಸಾಲ ಹೋದ್ರೂ ಹೋಗಲಿ, ಮಂದಿ ತೊಯ್ಯಬಾರದಂತ ಹೊಂಡಿಸಿದ್ದು. ರಾಣೇಬೆನ್ನೂರ ಹತ್ರ ಬಂತು, ಗಾಡಿ ಓಡಕೋಂತನ ಇತ್ತು, ನಾ ಹೊಗಳೂದ ನಿಲ್ಲಿಸಿದೆ.

ಹಿಂದಿಂದ ದನಿ ಬಂತು, "ಯಾಕ ನಿಲ್ಲಿಸಿದ್ರಿ? ಮೇಡ್ಲೇರಿ ಇನ್ನೂ ದೂರ ಐತಲ್ಲ."